ತಿಂಗಳ ಕೊನೆಯ ಸ್ಟಾಕ್: ಏರಿಸಿದ ದರ, ಇಳಿಸಿದ ದರ ಎಲ್ಲಿ ಸೇರಬೇಕು?

"ನಮ್ಮದು ಚಿಕ್ಕ ಸೂಪರ್ ಮಾರ್ಕೆಟ್. ಪ್ರತಿ ತಿಂಗಳೂ ಎಲ್ಲಾ ಎಣಿಸೋಕೆ ಆಗಲ್ಲ, ರಿಟೇಲ್ ಮೆಥಡ್‌ನಲ್ಲಿ ಸ್ಟಾಕ್ ಅಂದಾಜು ಮಾಡ್ತೀವಿ. ಮಾರ್ಕಪ್, ಮಾರ್ಕ್‌ಡೌನ್ ಎರಡನ್ನೂ ಸೇರಿಸಿಯೇ ಶೇಕಡಾ ತೆಗೀತೀವಿ. ಆದ್ರೂ ಎಣಿಸಿದಾಗ ಸ್ಟಾಕ್ ಕಡಿಮೆ ಬರುತ್ತೆ. ಎಲ್ಲಿ ತಪ್ಪಾಗ್ತಿದೆ?"

ನಿಮ್ಮಲ್ಲಿ ಎರಡು ಬೇರೆ ಬೇರೆ ತಪ್ಪುಗಳಿವೆ ಅನ್ನಿಸುತ್ತದೆ. ಮಾರ್ಕ್‌ಡೌನನ್ನು ಶೇಕಡಾ ಲೆಕ್ಕಕ್ಕೆ ಸೇರಿಸಿದರೆ ಸ್ಟಾಕಿನ ಬೆಲೆ ಜಾಸ್ತಿ ತೋರಿಸುತ್ತದೆ. ಆದರೆ ಎಣಿಕೆಯಲ್ಲಿ ಕಡಿಮೆ ಬರುವುದಕ್ಕೆ ಅದು ಕಾರಣವಲ್ಲ. ಅದಕ್ಕೆ ಹೆಚ್ಚಾಗಿ ಬರೆದಿಡದೇ ಹೋದ ದರ ಇಳಿಕೆಯೇ ಕಾರಣ ಆಗಿರುತ್ತದೆ.

ಬೇಳೆ-ಕಾಳು ವಿಭಾಗ ಒಂದನ್ನೇ ತೆಗೆದುಕೊಂಡು ಲೆಕ್ಕ ಮಾಡಿ ತೋರಿಸುತ್ತೇನೆ. ತಿಂಗಳ ಮೊದಲ ದಿನ ಇದ್ದ ಸ್ಟಾಕಿನ ಅಸಲು 6,00,000 ರೂಪಾಯಿ, ಮಾರಾಟ ಬೆಲೆಯಲ್ಲಿ 7,50,000. ತಿಂಗಳಲ್ಲಿ ಖರೀದಿಸಿದ್ದರ ಅಸಲು, ಲಾರಿ ಬಾಡಿಗೆ, ಹಮಾಲಿ ಸೇರಿಸಿ, ವಾಪಸ್ ಕಳಿಸಿದ್ದು ಕಳೆದು, 14,00,000. ಅದರ ಮಾರಾಟ ಬೆಲೆ 17,30,000. ಇಲ್ಲಿ ಮಾರಾಟ ಬೆಲೆ ಅಂದರೆ ನಿಮ್ಮ ರ‍್ಯಾಕ್ ಮೇಲೆ ಅಂಟಿಸಿದ ದರ, ಪೊಟ್ಟಣದ ಮೇಲಿನ ಎಂಆರ್‌ಪಿ ಅಲ್ಲ. ಅಸಲನ್ನು ಜಿಎಸ್‌ಟಿ ಬಿಟ್ಟು ಬರೆಯುವುದಾದರೆ ಮಾರಾಟ ಬೆಲೆಯನ್ನೂ ಜಿಎಸ್‌ಟಿ ಬಿಟ್ಟೇ ಬರೆಯಬೇಕು, ಇಲ್ಲದಿದ್ದರೆ ಮುಂದಿನದ್ದೆಲ್ಲ ಕೆಡುತ್ತದೆ.

ಈಗ ಮಾರ್ಕಪ್. ತೊಗರಿಬೇಳೆ ಕೆಜಿಗೆ 120 ಇತ್ತು. ಮಂಡಿಯಲ್ಲಿ ದರ ಏರಿತು, ನೀವು 130 ಮಾಡಿದಿರಿ. ಆ ದಿನ ಅಂಗಡಿಯಲ್ಲೂ ಗೋಡೌನಿನಲ್ಲೂ ಸೇರಿ 2,200 ಕೆಜಿ ಇತ್ತು, ಹಾಗಾಗಿ ಮಾರ್ಕಪ್ 22,000. ಎರಡು ದಿನ ಬಿಟ್ಟು ಬಂದ ಹೊಸ ಲೋಡನ್ನು ಇದಕ್ಕೆ ಸೇರಿಸಬೇಡಿ, ಅದು ಖರೀದಿ ಸಾಲಿಗೆ 130ರ ದರದಲ್ಲೇ ಹೋಗುತ್ತದೆ. ಎರಡೂ ಕಡೆ ಸೇರಿಸಿ ಕೂರುವವರನ್ನು ನಾನು ತುಂಬಾ ನೋಡಿದ್ದೇನೆ. ಆಮೇಲೆ ಹಳೇ ಸ್ಟಾಕಿನಲ್ಲಿ 400 ಕೆಜಿ ಉಳಿದಾಗ ದರ 125ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಇದು ಮಾರ್ಕ್‌ಡೌನ್ ಅಲ್ಲ! ಮೊದಲು ಏರಿಸಿದ್ದರಲ್ಲೇ ಸ್ವಲ್ಪ ವಾಪಸ್ ತೆಗೆದುಕೊಂಡಿದ್ದೀರಿ, ಅಷ್ಟೇ. 2,000 ಕಳೆಯಿರಿ, ನಿವ್ವಳ ಮಾರ್ಕಪ್ 20,000. ಮೂಲ ದರವಾದ 120ಕ್ಕಿಂತ ಕೆಳಗೆ ಇಳಿದರೆ ಮಾತ್ರ, ಇಳಿದಷ್ಟು ಭಾಗ ಮಾರ್ಕ್‌ಡೌನ್.

ಒಟ್ಟು ಅಸಲು 20,00,000. ಒಟ್ಟು ಮಾರಾಟ ಬೆಲೆ, ಮಾರ್ಕಪ್ ಸೇರಿ, 25,00,000. ಅಸಲನ್ನು ಮಾರಾಟ ಬೆಲೆಯಿಂದ ಭಾಗಿಸಿದರೆ ಶೇಕಡಾ 80. ಈ ಶೇಕಡಾವನ್ನು ಇಲ್ಲಿಯೇ ನಿಲ್ಲಿಸಿ, ಮಾರ್ಕ್‌ಡೌನ್ ಇನ್ನೂ ಒಳಗೆ ಬಂದಿಲ್ಲ.

ಮಾರ್ಕ್‌ಡೌನ್ ಹೀಗೆ: ಹೆಸರುಬೇಳೆ 140 ಇದ್ದದ್ದನ್ನು ಆಫರ್‌ನಲ್ಲಿ 120 ಮಾಡಿದಿರಿ, 1,500 ಕೆಜಿಗೆ 30,000. ಹುಳ ಬೀಳುವ ಮೊದಲು ಖಾಲಿ ಆಗಲಿ ಅಂತ 1,000 ಕೆಜಿ ರವೆಯನ್ನು 50ರಿಂದ 38ಕ್ಕೆ ಇಳಿಸಿದಿರಿ, 12,000. ಆಫರ್ ಮುಗಿದ ದಿನ 100 ಕೆಜಿ ಹೆಸರುಬೇಳೆ ಉಳಿದಿತ್ತು, ಮತ್ತೆ 140 ಮಾಡಿದಿರಿ. ಇದೂ ಮಾರ್ಕಪ್ ಅಲ್ಲ, ಮಾರ್ಕ್‌ಡೌನ್ ರದ್ದು, 2,000 ಕಳೆಯಿರಿ. ನಿವ್ವಳ 40,000.

ಈಗ 25,00,000ದಿಂದ ಈ 40,000, ಮಾರಾಟ 17,90,000, ಮತ್ತು ಸೋರಿಕೆ, ಚೀಲ ಹರಿದದ್ದು, ತೂಕದ ವ್ಯತ್ಯಾಸಕ್ಕೆ ನಿಮ್ಮ ಅನುಭವದ ಅಂದಾಜು 10,000 ಕಳೆಯಿರಿ. ಉಳಿಯುವುದು 6,60,000. ಅದರ ಶೇಕಡಾ 80 ಅಂದರೆ 5,28,000. ಇದೇ ತಿಂಗಳ ಕೊನೆಯ ಸ್ಟಾಕಿನ ಅಸಲು.

ನೀವು ಮಾಡುವ ಹಾಗೆ ಮಾರ್ಕ್‌ಡೌನನ್ನೂ ಮೊದಲೇ ಕಳೆದು ಶೇಕಡಾ ತೆಗೆದರೆ 20,00,000ವನ್ನು 24,60,000ದಿಂದ ಭಾಗಿಸಬೇಕು, ಶೇಕಡಾ 81.3 ಬರುತ್ತದೆ, ಸ್ಟಾಕ್ ಸುಮಾರು 5,36,600 ಆಗುತ್ತದೆ. ವ್ಯತ್ಯಾಸ 8,600 ರೂಪಾಯಿ. ಅದು ಎಲ್ಲಿಂದ ಬಂತು ಅಂದರೆ, ದರ ಇಳಿಸಿದ್ದರಿಂದ ಈ ತಿಂಗಳು ಆದ ನಷ್ಟದ ಒಂದು ಪಾಲು ಸ್ಟಾಕಿನೊಳಗೆ ಅಡಗಿ ಕೂತು ಮುಂದಿನ ತಿಂಗಳಿಗೆ ಹೋಯಿತು. ಮಾರ್ಕ್‌ಡೌನನ್ನು ಶೇಕಡಾದಿಂದ ಹೊರಗಿಟ್ಟರೆ ನಷ್ಟ ಆದ ತಿಂಗಳಲ್ಲೇ ಕಾಣುತ್ತದೆ. ಇದರಲ್ಲೂ ಒಂದು ಕೊರತೆ ಇದೆ, ಇಳಿಸಿದ ಮಾಲು ತಿಂಗಳ ಕೊನೆಯಲ್ಲೂ ಉಳಿದಿದ್ದರೆ 5,28,000 ನಿಜವಾದ ಅಸಲಿಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಬೇಳೆ ವಿಭಾಗದಲ್ಲಿ ಇದನ್ನು ನಾನು ಒಪ್ಪಿಕೊಳ್ಳುತ್ತೇನೆ. ಸ್ಟಾಕನ್ನು ಜಾಸ್ತಿ ತೋರಿಸುವುದಕ್ಕಿಂತ ಇದು ವಾಸಿ.

ಇನ್ನು ಎಣಿಕೆ ತಾಳೆಯಾಗದ ವಿಷಯ. ನಾನು ಲೆಕ್ಕ ಬರೆಯುತ್ತಿದ್ದ ಒಂದು ಅಂಗಡಿಯಲ್ಲಿ ಒಂದೇ ತಿಂಗಳಲ್ಲಿ ನಲವತ್ತು ಸಾವಿರದಷ್ಟು ಕಡಿಮೆ ಬಂತು. ಗೋಡೌನಿನ ಹುಡುಗರ ಮೇಲೆ ಅನುಮಾನ ಬಂದು, ಒಬ್ಬನನ್ನು ಕೆಲಸದಿಂದ ತೆಗೆಯುವ ಮಾತೂ ನಡೆದಿತ್ತು. ನಾನು ಒಂದೇ ಕೆಲಸ ಮಾಡಿದೆ, ರೂಪಾಯಿ ಬಿಟ್ಟು ಕೆಜಿ ಲೆಕ್ಕ ತೆಗೆದೆ. ಆಫರ್‌ನಲ್ಲಿದ್ದ ನಾಲ್ಕೈದು ಸಾಮಾನಿನಲ್ಲಿ ಕೆಜಿ ಸರಿಯಾಗಿತ್ತು, ರೂಪಾಯಿ ಮಾತ್ರ ಕಡಿಮೆ. ಮಾಲೀಕರು ಫೋನಿನಲ್ಲಿ ದರ ಇಳಿಸಲು ಹೇಳಿದ್ದರು, ಕೌಂಟರಿನವರು ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಇಳಿಸಿದ್ದರು, ಆ ದಿನ ಎಷ್ಟು ಕೆಜಿ ಇತ್ತು ಅಂತ ಯಾರೂ ಬರೆದಿರಲಿಲ್ಲ. ಮೇಲಿನ ಉದಾಹರಣೆಯಲ್ಲೇ ನೋಡಿ, 40,000 ಮಾರ್ಕ್‌ಡೌನ್ ಬರೆಯದಿದ್ದರೆ ಪುಸ್ತಕದಲ್ಲಿ 7,00,000 ಇರುತ್ತದೆ, ರ‍್ಯಾಕಿನಲ್ಲಿ 6,60,000ದ ಮಾಲು ಇರುತ್ತದೆ. ಕಳ್ಳತನದ ಹಾಗೇ ಕಾಣುತ್ತದೆ ಅಲ್ವಾ? ಕೆಜಿಯೇ ಕಡಿಮೆ ಇದ್ದರೆ ಮಾತ್ರ ಮಾಲು ನಿಜವಾಗಿ ಹೋಗಿದೆ ಅಂತ ಅರ್ಥ. ಯಾರ ಮೇಲಾದರೂ ಬೆರಳು ತೋರಿಸುವ ಮೊದಲು ದಯವಿಟ್ಟು ಇದನ್ನು ನೋಡಿ.

ಬಿಲ್ಲಿನ ಕೊನೆಯಲ್ಲಿ ಕೊಡುವ ಮೆಂಬರ್ ಡಿಸ್ಕೌಂಟ್ ಕೂಡ ಇದೇ ರೀತಿ ತೊಂದರೆ ಮಾಡುತ್ತದೆ. ಮಾಲು ರ‍್ಯಾಕ್ ದರದಲ್ಲಿ ಹೊರಗೆ ಹೋಗಿರುತ್ತದೆ, ಮಾರಾಟ ಮಾತ್ರ ಡಿಸ್ಕೌಂಟ್ ಕಳೆದು ಬರುತ್ತದೆ. ಹಾಗಾಗಿ ಡಿಸ್ಕೌಂಟ್ ಮೊತ್ತವನ್ನು ಮಾರಾಟದ ಜೊತೆ ಸೇರಿಸಿಯೇ ಕಳೆಯಬೇಕು. ನನ್ನ ಉದಾಹರಣೆಯ 17,90,000 ಹಾಗೆ ಸೇರಿಸಿದ ಮೊತ್ತ.

ನಮ್ಮ ಲೆಕ್ಕಪತ್ರ ನಿಯಮ ಎಎಸ್ 2 ಈ ವಿಧಾನವನ್ನು ಒಪ್ಪುತ್ತದೆ, ಆದರೆ ಉತ್ತರ ನಿಜವಾದ ಅಸಲಿಗೆ ಹತ್ತಿರ ಇರಬೇಕು. ಅದಕ್ಕೇ ಬೇಳೆಯನ್ನೂ ಪ್ಲಾಸ್ಟಿಕ್ ಡಬ್ಬಿಗಳನ್ನೂ ಒಂದೇ ಶೇಕಡಾದಲ್ಲಿ ಸೇರಿಸಬೇಡಿ, ಲಾಭದ ಪ್ರಮಾಣ ಒಂದೇ ತರ ಇರುವ ಸಾಮಾನುಗಳನ್ನು ಒಂದು ವಿಭಾಗ ಮಾಡಿ. ತರಕಾರಿಗೆ ಈ ವಿಧಾನವೇ ಬೇಡ. ದಿನಕ್ಕೆ ಎರಡು ಸಲ ದರ ಬದಲಾಗುತ್ತದೆ, ಉಳಿಯುವುದೂ ಸ್ವಲ್ಪವೇ, ಕೊನೆಯ ದಿನ ಸಂಜೆ ತೂಗಿಬಿಡಿ.

ಮುಂದಿನ ತಿಂಗಳಿಗೆ 5,28,000 ಮತ್ತು 6,60,000 ಎರಡನ್ನೂ ಆರಂಭದ ಸ್ಟಾಕ್ ಆಗಿ ಬರೆಯಿರಿ. ಎಣಿಕೆ ಮಾಡಿದ ತಿಂಗಳಾದರೆ ಎಣಿಸಿ ಬಂದ ಮಾರಾಟ ಬೆಲೆಯನ್ನೇ ಹಾಕಿ, ಅಸಲನ್ನು ಆ ತಿಂಗಳ ಶೇಕಡಾದಿಂದ ತೆಗೆಯಿರಿ.