ಕರ್ಣನ ತಪ್ಪನ್ನು ಮುಚ್ಚಿಟ್ಟರೆ ಓದುಗ ಅಳುವುದಿಲ್ಲ

"ಸಂಪಾದಕರಿಗೆ ನಮಸ್ಕಾರ. ‘ಋಣ’ ಎಂಬ ಕಥೆ ಕಳಿಸುತ್ತಿದ್ದೇನೆ. ಕರ್ಣನದು ಏನೂ ತಪ್ಪಿಲ್ಲ, ಎಲ್ಲರೂ ಸೇರಿ ಅವನಿಗೆ ಅನ್ಯಾಯ ಮಾಡಿದರು ಎಂದು ತೋರಿಸಲು ಪ್ರಯತ್ನಿಸಿದ್ದೇನೆ. ತನ್ನ ಹುಟ್ಟಿನ ಗುಟ್ಟು ಅವನಿಗೆ ಸಾಯುವಾಗ ಗೊತ್ತಾಗುವಂತೆ ಬದಲಾಯಿಸಿದ್ದೇನೆ. ಓದಿದವರು ಚೆನ್ನಾಗಿದೆ ಅಂದರು, ಆದರೆ ಯಾರಿಗೂ ಸಂಕಟವಾಗಲಿಲ್ಲ. ಎಲ್ಲಿ ಎಡವಿದ್ದೇನೆ?"

ನಮಸ್ಕಾರ. ಕಥೆಯನ್ನು ಈಗಿರುವ ಹಾಗೆ ಪ್ರಕಟಿಸಲಾಗುವುದಿಲ್ಲ. ತಿದ್ದಿದರೆ ನಿಲ್ಲುವ ಕಥೆ ಇದು, ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ಒಂದು ಸನ್ನಿವೇಶವನ್ನು ನೀವು ಬಿಟ್ಟುಬಿಟ್ಟಿದ್ದೀರಿ, ಇನ್ನೊಂದನ್ನು ಸಲ್ಲದ ಜಾಗದಲ್ಲಿ ಇಟ್ಟಿದ್ದೀರಿ. ಉಳಿದ ತೊಂದರೆಗಳೆಲ್ಲ ಈ ಎರಡರಿಂದಲೇ ಹುಟ್ಟಿವೆ.

ಬಿಟ್ಟಿರುವುದು ದ್ಯೂತಸಭೆ. ಅಂಗರಾಜ್ಯದ ಪಟ್ಟಾಭಿಷೇಕ ಮುಗಿದ ಕೂಡಲೇ ನಿಮ್ಮ ಕಥೆ ಇಂದ್ರ ಬೇಡಲು ಬರುವ ಕಡೆಗೆ ಹಾರುತ್ತದೆ. ವ್ಯಾಸಭಾರತದಲ್ಲಿ ಈ ನಡುವೆ ಏನಾಯಿತು ನೋಡಿ. ದ್ರೌಪದಿಯನ್ನು ಗೆದ್ದದ್ದು ನ್ಯಾಯವಲ್ಲ ಎಂದು ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಹೇಳುತ್ತಾನೆ. ಅವನ ಬಾಯಿ ಮುಚ್ಚಿಸುವವನು ಕರ್ಣ. ಐವರು ಗಂಡಂದಿರುಳ್ಳವಳು ಬಂಧಕಿ ಎಂದು ಅವಳನ್ನು ಜರೆದು, ಪಾಂಡವರ ಮತ್ತು ಅವಳ ಬಟ್ಟೆ ಸೆಳೆದುಕೋ ಎಂದು ದುಶ್ಶಾಸನನಿಗೆ ಹೇಳುವವನೂ ಅವನೇ. ಇದು ಅವನ ಬಾಯಿಂದಲೇ ಬಂದ ಮಾತು, ಬೇರೆ ಯಾರ ತಲೆಗೂ ಕಟ್ಟಲಾಗದು. ಇಲ್ಲಿ ನಿಮಗೆ ಮುಜುಗರವಾಗಿ ಪುಟ ಮಗುಚಿದ್ದೀರಿ.

ಆದರೆ ಇದನ್ನು ತೆಗೆದರೆ ಮುಂದೆ ಮೂರು ಕಡೆ ಕಥೆ ಸಡಿಲವಾಗುತ್ತದೆ. ಯುದ್ಧಕ್ಕೆ ಮೊದಲು ಕರ್ಣ ಕೃಷ್ಣನ ಎದುರು, ದುರ್ಯೋಧನನನ್ನು ಮೆಚ್ಚಿಸಲೆಂದು ಪಾಂಡವರಿಗೆ ಆಡಿದ ಕಟುನುಡಿಗಳಿಗಾಗಿ ಈಗ ಬೇಯುತ್ತಿದ್ದೇನೆ ಎನ್ನುತ್ತಾನೆ. ಆಡಿದ್ದನ್ನೇ ತೋರಿಸದಿದ್ದರೆ ಈ ಪಶ್ಚಾತ್ತಾಪಕ್ಕೆ ನೆಲೆಯೆಲ್ಲಿ? ಎರಡನೆಯದು, ರಥದ ಗಾಲಿ ಹೂತಾಗ ಅವನು ಧರ್ಮದ ಹೆಸರಿನಲ್ಲಿ ಅರೆಗಳಿಗೆ ಬಿಡುವು ಕೇಳುತ್ತಾನೆ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ನಿನ್ನ ಧರ್ಮ ಎಲ್ಲಿತ್ತು ಎಂದು ಕೃಷ್ಣ ಕೇಳುತ್ತಾನೆ, ಕರ್ಣ ನಾಚಿ ತಲೆ ತಗ್ಗಿಸುತ್ತಾನೆ, ಉತ್ತರ ಕೊಡುವುದಿಲ್ಲ. ನಿಮ್ಮ ಕಥೆಯಲ್ಲಿ ಅದೇ ಜಾಗದಲ್ಲಿ ಒಂದೂವರೆ ಪುಟದ ಭಾಷಣವಿದೆ. ಅದನ್ನು ಪೂರ್ತಿ ಹೊಡೆದುಹಾಕಿ. ತಲೆ ತಗ್ಗಿಸಿದವನ ಮೇಲೆ ಬಾಣ ಬಿದ್ದರೆ ಓದುಗ ಕೃಷ್ಣನ ಮಾತನ್ನು ಒಪ್ಪುತ್ತಲೇ ಕರ್ಣನಿಗಾಗಿ ಮರುಗುತ್ತಾನೆ. ವಾದಿಸುವವನ ಮೇಲೆ ಬಿದ್ದರೆ ಯಾರ ವಾದ ಸರಿ ಎಂದು ತೂಗುತ್ತಾ ಕೂರುತ್ತಾನೆ. ಮೂರನೆಯದನ್ನು ಕೊನೆಗೆ ಹೇಳುತ್ತೇನೆ.

ಇನ್ನು ಜಾಗ ತಪ್ಪಿದ ಸನ್ನಿವೇಶ. ಸಾಯುವಾಗ ಗುಟ್ಟು ತಿಳಿದರೆ ಕರ್ಣ ಏನೂ ಅರಿಯದೆ ಸತ್ತವನಾಗುತ್ತಾನೆ. ಅಂಥವನಿಗೆ ಅಯ್ಯೋ ಅನ್ನಬಹುದು, ಅಷ್ಟೇ. ಮೂಲದಲ್ಲಿ ಅವನಿಗೆ ಯುದ್ಧ ಶುರುವಾಗುವ ಮೊದಲೇ ಎಲ್ಲವೂ ಗೊತ್ತು. ತಾನು ಪಾಂಡವರಿಗೆ ಅಣ್ಣ, ಬಂದರೆ ಸಿಂಹಾಸನ ತನ್ನದು, ಕೌರವರು ಸೋಲುತ್ತಾರೆ, ತಾನೂ ಸಾಯುತ್ತೇನೆ. ಇಷ್ಟು ತಿಳಿದೂ ಉಳಿಯುತ್ತಾನೆ. ಮೇಲಿಂದ ಕೃಷ್ಣನಲ್ಲಿ ಒಂದು ಬೇಡಿಕೆ ಇಡುತ್ತಾನೆ: ಈ ಗುಟ್ಟು ಯುಧಿಷ್ಠಿರನಿಗೆ ತಿಳಿಯದಿರಲಿ, ತಿಳಿದರೆ ಅವನು ರಾಜ್ಯ ನನಗೆ ಬಿಟ್ಟುಕೊಡುತ್ತಾನೆ, ನನ್ನ ಕೈಗೆ ಬಂದರೆ ನಾನು ಅದನ್ನು ದುರ್ಯೋಧನನಿಗೇ ಕೊಟ್ಟುಬಿಡುತ್ತೇನೆ. ರಾಜ್ಯ ಧರ್ಮರಾಯನಿಗೇ ಸಲ್ಲಬೇಕು ಎಂದು ತಿಳಿದವನು, ಕೈಗೆ ಬಂದದ್ದನ್ನು ತಾನು ಹಿಡಿದಿಟ್ಟುಕೊಳ್ಳಲಾರೆ ಎಂದೂ ತಿಳಿದವನು ಆಡುವ ಮಾತು ಇದು. ದಾನಬುದ್ಧಿ, ಋಣಭಾವ, ತಪ್ಪಿನ ಅರಿವು ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ನಿಮ್ಮ ಕಥೆಯ ಕೀಲು ಇದೇ ಆಗಬೇಕು.

ಈ ಸನ್ನಿವೇಶವನ್ನು ಹೇಗೆ ಬರೆಯುವುದು ಎಂಬುದಕ್ಕೆ ಕುಮಾರವ್ಯಾಸನ ಉದ್ಯೋಗಪರ್ವವನ್ನು ನಿಧಾನವಾಗಿ ಓದಿ. ಕೃಷ್ಣ ಕರ್ಣನೊಡನೆ ಮೈದುನತನದ ಸರಸವಾಡಿ, ರಥದಲ್ಲಿ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುತ್ತಾನೆ. ನಿಮಗೆ ಸಮನಾಗಿ ಕೂರಲು ಅಂಜುತ್ತೇನೆ ಎಂದರೂ ಬಿಡದೆ, ತೊಡೆ ಸೋಕುವಷ್ಟು ಹತ್ತಿರ ಸರಿದು ಗುಟ್ಟು ಹೇಳುತ್ತಾನೆ. ಕೇಳಿದವನ ಕೊರಳ ಸೆರೆ ಹಿಗ್ಗುತ್ತದೆ, ಕಣ್ಣೀರು ನುಗ್ಗುತ್ತದೆ, ಮನಸ್ಸಿನಲ್ಲಿ ಮೊದಲು ಹುಟ್ಟುವ ಮಾತು "ಕುರುಪತಿಗೆ ಕೇಡಾದುದು". ತಾಯಿಯ ನೆನಪಿಗೂ ಕಿರೀಟದ ಆಸೆಗೂ ಮೊದಲು ಗೆಳೆಯನ ಗತಿಯೇನು ಎಂಬ ಚಿಂತೆ. ಇದೇ ಜಾಗದಲ್ಲಿ ನೀವು "ಅವನ ಹೃದಯ ನೋವಿನ ಸಾಗರವಾಯಿತು" ಎಂದು ಬರೆದಿದ್ದೀರಿ. ಆ ವಾಕ್ಯವನ್ನು ಯಾವ ಪಾತ್ರಕ್ಕೆ ಬೇಕಾದರೂ ಅಂಟಿಸಬಹುದು. ಕುರುಪತಿಯ ಕೇಡನ್ನು ಆ ಹೊತ್ತಿನಲ್ಲಿ ಎಣಿಸುವವನು ಕರ್ಣನೊಬ್ಬನೇ.

ಋಣದ ಕಾರಣವನ್ನೂ ನೀವು ಬರೀ ಅಂಗರಾಜ್ಯಕ್ಕೆ ನಿಲ್ಲಿಸಿದ್ದೀರಿ. ರಾಜ್ಯ ಕೊಟ್ಟದ್ದಕ್ಕೆ ಪ್ರಾಣ ಕೊಟ್ಟ ಎಂದರೆ ವ್ಯಾಪಾರದಂತೆ ಕೇಳಿಸುತ್ತದೆ. ಪಂಪ ಇದಕ್ಕೆ ಆರಿಸಿಕೊಂಡದ್ದು ಚಿಕ್ಕದೊಂದು ಘಟನೆ, ಅದನ್ನು ಕರ್ಣನ ಬಾಯಲ್ಲೇ ಹೇಳಿಸುತ್ತಾನೆ. ಪಗಡೆಯಲ್ಲಿ ಸೋತ ಭಾನುಮತಿಯನ್ನು, ದುರ್ಯೋಧನನ ಹೆಂಡತಿಯನ್ನು, ಪಣ ಕೊಡು ಎಂದು ಕಾಡುವಾಗ ಅವಳ ಹಾರ ಹರಿದು ಮುತ್ತು ಚೆಲ್ಲುತ್ತವೆ. ಒಳಗೆ ಬಂದು ನೋಡಿದ ದುರ್ಯೋಧನ ಬೇಸರವಿಲ್ಲದೆ, ಇವನ್ನು ಆಯ್ದುಕೊಡಲೇ ಎಂದು ಕೇಳುತ್ತಾನೆ. ಅಂಥವನನ್ನು ಬಿಟ್ಟು ನಿಮ್ಮೊಡನೆ ಬಂದರೆ ನಾನು ಬೇಡನಲ್ಲವೇ ಎನ್ನುತ್ತಾನೆ ಕರ್ಣ. ಅವನನ್ನು ಕಟ್ಟಿಹಾಕಿದ್ದು ನಂಬಿಕೆ. ಕೇಡಿಗನೆಂದು ನಾವು ಬಲ್ಲವನಲ್ಲಿ ಕಾಣುವ ಈ ನಿರ್ಮಲ ನಂಬಿಕೆಯಿಂದಲೇ ಕರ್ಣ ಅವನನ್ನು ಬಿಡಲಾರ ಎಂಬುದು ನಮಗೂ ಮನದಟ್ಟಾಗುತ್ತದೆ. ಅಂದಹಾಗೆ ಪಂಪ 941ರ ತನ್ನ ಕಾವ್ಯದಲ್ಲಿ ನಾಯಕನಾಗಿ ಮಾಡಿದ್ದು ಅರ್ಜುನನನ್ನು, ಅವನಲ್ಲಿ ಕಂಡದ್ದು ತನ್ನ ದೊರೆ ಅರಿಕೇಸರಿಯನ್ನು. ಹಾಗಿದ್ದೂ ಕೊನೆಗೆ, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಣ್ಣ, ಕರ್ಣನನ್ನು ನೆನೆ ಎಂದ. ಎದುರಾಳಿಯ ಕಡೆ ನಿಂತು ಬರೆದವನಿಗೇ ತಡೆಯಲಾಗಲಿಲ್ಲ.

ದಾನದ ಪ್ರಸಂಗಗಳು ನಿಮ್ಮಲ್ಲಿ ಏಳಿವೆ. ಆರನ್ನು ತೆಗೆದು ಕವಚ ಕುಂಡಲದ್ದೊಂದನ್ನೇ ಇಡಿ. ಅದರಲ್ಲೂ ಸೂರ್ಯ ಮುಂಚೆಯೇ ಎಚ್ಚರಿಸಿದ್ದನ್ನು ಬಿಡಬೇಡಿ. ಮೋಸವೆಂದು ತಿಳಿದೇ ಕೊಟ್ಟ ಎಂಬುದು ಮುಖ್ಯ. ಬದಲಿಗೆ ಇಂದ್ರನಿಂದ ಶಕ್ತ್ಯಾಯುಧ ಕೇಳಿ ಪಡೆದದ್ದನ್ನೂ ಮರೆಮಾಚಬೇಡಿ. ಅರ್ಜುನನಿಗೆಂದು ಕಾದಿಟ್ಟ ಆ ಆಯುಧ ಹದಿನಾಲ್ಕನೆಯ ದಿನದ ರಾತ್ರಿ, ಕೌರವರ ಗೋಳು ಕೇಳಲಾರದೆ ಘಟೋತ್ಕಚನ ಮೇಲೆ ಖರ್ಚಾಗುತ್ತದೆ. ಕವಚ ಬೇಡಿದವನಿಗೆ ಹೋಯಿತು, ಆಯುಧ ಮೊರೆಯಿಟ್ಟವರಿಗೆ ಹೋಯಿತು. ಈ ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಅವನು ದಾನಿ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೇ ಇಲ್ಲ.

ಈಗ ಆ ಮೂರನೆಯ ಎಳೆ. ಯುದ್ಧ ಮುಗಿದ ಮೇಲೆ ಸತ್ತವರಿಗೆ ತರ್ಪಣ ಬಿಡುವಾಗ, ಕರ್ಣನಿಗೂ ಬಿಡಿ, ಅವನು ನಿಮ್ಮ ಅಣ್ಣ ಎಂದು ಕುಂತಿ ಹೇಳುತ್ತಾಳೆ. ಆಮೇಲೆ ಶಾಂತಿಪರ್ವದಲ್ಲಿ ಯುಧಿಷ್ಠಿರ ನಾರದನೆದುರು ಒಂದು ವಿಷಯ ನೆನೆಯುತ್ತಾನೆ: ದ್ಯೂತಸಭೆಯಲ್ಲಿ ಕರ್ಣನ ಬಿರುನುಡಿ ಕೇಳಿ ಸಿಟ್ಟು ಬಂದಿತ್ತು, ಆದರೆ ಅವನ ಪಾದ ಕಂಡೊಡನೆ ಸಿಟ್ಟು ಇಳಿಯಿತು, ಅವು ಕುಂತಿಯ ಪಾದದಂತಿದ್ದವು, ಏಕೆಂದು ಆಗ ಹೊಳೆಯಲಿಲ್ಲ. ನಿಮ್ಮ ಈಗಿನ ಮುಕ್ತಾಯ ತೆಗೆದು ಇದನ್ನು ಬಳಸಬಹುದು. ಆದರೆ ಸಭೆಯ ಸನ್ನಿವೇಶ ಬರೆಯುವಾಗಲೇ ಯುಧಿಷ್ಠಿರನ ದೃಷ್ಟಿ ಕೆಳಗಿಳಿದದ್ದನ್ನು ಅರ್ಧ ಸಾಲಿನಲ್ಲಿ, ವಿವರಣೆಯಿಲ್ಲದೆ ಹೇಳಿಟ್ಟಿರಬೇಕು. ಮೊದಲು ಸಭೆ ಮತ್ತು ಕೃಷ್ಣನ ರಥ, ಈ ಎರಡನ್ನೇ ಬರೆದು ಕಳಿಸಿ. ಅವು ನಿಂತರೆ ಉಳಿದದ್ದನ್ನು ನೋಡೋಣ.