15, 30 ಅಥವಾ 60 ಸೆಕೆಂಡ್: ರೇಡಿಯೋ ಜಾಹೀರಾತು ಎಷ್ಟು ಉದ್ದ ಇರಬೇಕು?

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಹೊಸದಾಗಿ ಕಾಫಿಪುಡಿ ಅಂಗಡಿ ಹಾಕಿದ್ದೇವೆ. ಗಿರಾಕಿ ಎದುರೇ ಬೀಜ ಹುರಿದು, ಅವರು ಹೇಳಿದಷ್ಟು ಚಿಕೋರಿ ಹಾಕಿ ಪುಡಿ ಮಾಡಿಕೊಡ್ತೀವಿ. ರೇಡಿಯೋಗೆ 15, 30, 60 ಸೆಕೆಂಡ್ ಅಂತ ಮೂರು ಥರ ಹೇಳಿದ್ದಾರೆ. ಯಾವುದು ತಗೊಳ್ಳೋದು?

ಮೊದಲು 30 ಮಾಡಿಸಿ. ಆದರೆ ಅದರ ಕೊನೆಯ ಭಾಗವನ್ನು ಕತ್ತರಿಸಿದರೆ 15 ಸೆಕೆಂಡಿನ ಇನ್ನೊಂದು ಜಾಹೀರಾತು ಸಿಗಬೇಕು, ಹಾಗೆ ಬರೆಸಿ. ನಿಮಗೆ 60 ಬೇಡ.

ನಾನು ಹಾಸನದಲ್ಲಿ ಅಂಗಡಿಗಳಿಗೆ ರೇಡಿಯೋ ಜಾಹೀರಾತು, ಆಟೋ ಪ್ರಚಾರದ ಮಾತು ಬರೆದುಕೊಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಸೆಕೆಂಡ್ ಎಷ್ಟು ಅಂತ. ನಾನು ಮೊದಲು ಎಣಿಸುವುದು ಪದಗಳನ್ನು. ನಿಮಿಷಕ್ಕೆ 150 ಪದ ಅಂತ ಎಲ್ಲಾದರೂ ಓದಿದ್ದರೆ ಬಿಟ್ಟುಬಿಡಿ, ಅದು ಇಂಗ್ಲಿಷಿನ ಲೆಕ್ಕ. 'ಮಾಡಿಕೊಡುತ್ತೇವೆ' ಅನ್ನೋ ನಮ್ಮ ಒಂದೇ ಪದಕ್ಕೆ ಅಲ್ಲಿ ಮೂರ್ನಾಲ್ಕು ಪದ ಬೇಕು. ಕನ್ನಡದಲ್ಲಿ ಉಸಿರು ಬಿಟ್ಟು, ಅರ್ಥ ಆಗುವ ಹಾಗೆ ಓದಿದರೆ 15 ಸೆಕೆಂಡಿಗೆ ಸುಮಾರು 20 ಪದ, 30ಕ್ಕೆ 40–45, 60ಕ್ಕೆ 85–90 ಹಿಡಿಯುತ್ತವೆ. ನನ್ನ ಅನುಭವದಲ್ಲಿ ಇದಕ್ಕಿಂತ ಜಾಸ್ತಿ ತುರುಕಿದರೆ ಓದುವವರು ಓಡಲು ಶುರು ಮಾಡುತ್ತಾರೆ.

ಈಗ ನಿಮ್ಮ ಅಂಗಡಿ ವಿಷಯಕ್ಕೆ ಬರೋಣ. ಕೇಳುವವರಿಗೆ ಗೊತ್ತಿಲ್ಲದ್ದು ಎರಡೇ: ನಿಮ್ಮ ಹೆಸರು, ಮತ್ತು ಚಿಕೋರಿ ಎಷ್ಟಿರಬೇಕು ಅಂತ ತಾವೇ ಹೇಳಬಹುದು ಅನ್ನೋದು. ಕಾಫಿ ಅಂದರೇನು ಅಂತ ಚಿಕ್ಕಮಗಳೂರಿನವರಿಗೆ ಹೇಳಿಕೊಡುವುದು ಬೇಡ ಅಲ್ವಾ? ನಾನಾದರೆ ಹೀಗೆ ಬರೆಯುತ್ತೇನೆ:

> ಅಮ್ಮ: ಈ ಪುಡೀಲಿ ಚಿಕೋರಿ ಜಾಸ್ತಿ ಆಯ್ತು ಕಣೋ.
> ಮಗ: ಎಷ್ಟಿರಬೇಕಮ್ಮಾ?
> ಅಮ್ಮ: ನೂರಕ್ಕೆ ಇಪ್ಪತ್ತು ಸಾಕು.
> ಮಗ: ಹಾಗಾದ್ರೆ ಬಾ, ನೀನೇ ಹೇಳಿ ಮಾಡಿಸು.
> (ಪುಡಿ ಮಾಡುವ ಮಿಷನ್ ಸದ್ದು)
> ದನಿ: ಚಿಕೋರಿ ಎಷ್ಟಿರಬೇಕು? ನೀವೇ ಹೇಳಿ. ಕಣ್ಣೆದುರೇ ಹುರಿದು, ಪುಡಿ ಮಾಡಿ ಕೊಡ್ತೀವಿ. ಅಂಗಡಿ ಹೆಸರು, ಎಂ.ಜಿ. ರೋಡ್, ಚಿಕ್ಕಮಗಳೂರು. ಅಂಗಡಿ ಹೆಸರು.

ರೋಡ್ ಹೆಸರು ನಿಮ್ಮದು ಹಾಕಿಕೊಳ್ಳಿ. ಅಮ್ಮ-ಮಗನ ಮಾತಿಗೆ 11–12 ಸೆಕೆಂಡ್ ಆಗುತ್ತದೆ. ಮಿಷನ್ ಸದ್ದಿಗೆ 2 ಬಿಡಿ. ಉಳಿದದ್ದಕ್ಕೆ 12–13. ಒಟ್ಟು 25–27. ಉಳಿದ 3–5 ಸೆಕೆಂಡ್ ಖಾಲಿ ಇರಲಿ, ಅದನ್ನು ತುಂಬಬೇಡಿ. ಆ ಜಾಗದಿಂದಲೇ ಅಮ್ಮನ ಮಾತು ಮನೆಯ ಮಾತಿನ ಹಾಗೆ ಕೇಳುವುದು. ಮಿಷನ್ ಸದ್ದಿನಿಂದ ಕೊನೆಯವರೆಗೆ ಕತ್ತರಿಸಿ ತೆಗೆದರೆ ಅದೇ ನಿಮ್ಮ 15. ಎರಡು ವಾರ 30 ಕೇಳಿದವರಿಗೆ ಆಮೇಲೆ ಆ ಸದ್ದು ಬಂದ ಕೂಡಲೇ ಅಮ್ಮ-ಮಗ ನೆನಪಾಗುತ್ತಾರೆ. ಶುರುವಿನಿಂದಲೇ ಬರೀ 15 ಹಾಕಿದರೆ ನೆನಪಾಗಲು ಏನೂ ಇರುವುದಿಲ್ಲ. ಹೊಸ ಅಂಗಡಿಗೆ 30 ಮೊದಲು ಬೇಕು ಅನ್ನುವುದು ಅದಕ್ಕೇ.

ಫೋನ್ ನಂಬರ್ ಎಲ್ಲಿ ಅಂತ ಕೇಳ್ತೀರಿ. ಬೇಡ. ಹತ್ತು ಅಂಕಿ ನಿಧಾನವಾಗಿ ಓದಲು 5–6 ಸೆಕೆಂಡ್ ಬೇಕು. ಒಂದು ಸಲ ಹೇಳಿದರೆ ಯಾರೂ ಬರೆದುಕೊಳ್ಳಲ್ಲ, ಎರಡು ಸಲ ಹೇಳಿದರೆ 15ರಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು. ಒಮ್ಮೆ ಒಂದು ಸೀರೆ ಅಂಗಡಿಗೆ ನಾನೇ ಹಾಗೆ ಬರೆದುಕೊಟ್ಟಿದ್ದೆ. ನಂಬರ್ ಎರಡು ಸಲ, ಅಂಗಡಿ ಎಲ್ಲಿದೆ ಅನ್ನುವುದಕ್ಕೆ ಅರ್ಧ ಸೆಕೆಂಡ್. ಜಾಹೀರಾತು ಕೇಳಿದವರು ಬೇರೆ ಸೀರೆ ಅಂಗಡಿಗೆ ಹೋಗಿ ವಿಚಾರಿಸಿದ್ದರು. ಆಮೇಲಿಂದ ನಂಬರ್ ಬದಲು ಗುರುತು ಹೇಳುತ್ತೇನೆ. ಚಿಕೋರಿ ಶೇಕಡಾವಾರು ಪಟ್ಟಿಯೂ ರೇಡಿಯೋದಲ್ಲಿ ಬೇಡ, ಅದನ್ನು ಪ್ಯಾಕೆಟ್ ಮೇಲೆ ಹೇಗೂ ಹಾಕಲೇಬೇಕು.

60 ಬೇಕಾಗುವುದು ಕೇಳುವವರು ಮೂರ್ನಾಲ್ಕು ವಿಷಯ ಒಟ್ಟಿಗೆ ತಿಳಿಯಬೇಕಾದಾಗ. ತರಬೇತಿ ಶಿಬಿರ ಅಂದುಕೊಳ್ಳಿ: ಯಾವ ದಿನ, ಎಲ್ಲಿ, ಯಾರು ಬರಬಹುದು, ಏನು ತರಬೇಕು. ನಿಮ್ಮಲ್ಲಿ ಅಷ್ಟು ವಿಷಯ ಇಲ್ಲ, ಸುಮ್ನೆ ಮಲೆನಾಡಿನ ಮಂಜು, ಕಾಫಿ ಘಮ ಅಂತ ತುಂಬಿಸಬೇಕಾಗುತ್ತದೆ.

ದುಡ್ಡಿನ ಲೆಕ್ಕವನ್ನೂ ನೋಡಿ. ರೇಡಿಯೋ ದರ ಸಾಮಾನ್ಯವಾಗಿ 10 ಸೆಕೆಂಡಿಗೆ ಇಷ್ಟು ಅಂತ ಇರುತ್ತದೆ. ಒಟ್ಟು 10 ನಿಮಿಷ ಕೊಂಡರೆ 60 ಸೆಕೆಂಡಿನದು 10 ಸಲ, 30ರದು 20 ಸಲ, 15ರದು 40 ಸಲ ಬರಬೇಕು. ಆದರೆ ರೇಡಿಯೋದವರು 15 ಅನ್ನು 20 ಅಂತ ಲೆಕ್ಕ ಹಾಕಿದರೆ 40 ಅಲ್ಲ, 30 ಸಲವೇ. ಇದನ್ನು ಒಪ್ಪಂದಕ್ಕೆ ಮೊದಲೇ ಕೇಳಿ. ಅವರ ಲೆಕ್ಕ 20ರದ್ದೇ ಆದರೆ, ನಿಮ್ಮ ಚಿಕ್ಕ ಜಾಹೀರಾತಿಗೆ 'ನೂರಕ್ಕೆ ಇಪ್ಪತ್ತು ಸಾಕು' ಅನ್ನೋ ಅಮ್ಮನ ಸಾಲನ್ನೂ ಸೇರಿಸಿ 20 ಮಾಡಿಕೊಳ್ಳಿ. ದುಡ್ಡು ಹೇಗೂ ಕೊಟ್ಟಿರುತ್ತೀರಿ.

ರೆಕಾರ್ಡಿಂಗಿಗೆ ಹೋಗುವ ಮುಂಚೆ ಮನೆಯಲ್ಲಿ ಇಬ್ಬರು ನಿಂತುಕೊಂಡು, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ಗಟ್ಟಿಯಾಗಿ ಓದಿ. ಮನಸ್ಸಿನಲ್ಲೇ ಓದಿದರೆ ಸಮಯ ಯಾವಾಗಲೂ ಕಮ್ಮಿ ಬರುತ್ತದೆ. 30 ದಾಟಿದರೆ ಒಂದು ಸಾಲು ತೆಗೆಯಿರಿ. 'ಸ್ಟುಡಿಯೋದಲ್ಲಿ ಸ್ಪೀಡ್ ಮಾಡ್ತೀವಿ ಬಿಡಿ' ಅಂದರೆ ಒಪ್ಪಬೇಡಿ. ಸ್ಪೀಡ್ ಮಾಡಿದಾಗ ಮೊದಲು ಕೆಡುವುದು ಅಂಗಡಿ ಹೆಸರೇ.