ಟೊಮೇಟೊ ಸಸ್ಯಶಾಸ್ತ್ರದ ಪ್ರಕಾರ ಹಣ್ಣು, ಅಡುಗೆಯಲ್ಲಿ ತರಕಾರಿ: ಎರಡು ಲೆಕ್ಕ ಏಕೆ?

ಪ್ರಶ್ನೆ: ಮಗಳ ವಿಜ್ಞಾನ ಪಾಠದಲ್ಲಿ ಟೊಮೇಟೊ ಹಣ್ಣು ಅಂತ ಇದೆ. ಅಂಗಡಿಯಲ್ಲಿ ಈರುಳ್ಳಿ, ಬೀನ್ಸ್ ಪಕ್ಕ ಇಟ್ಟಿರ್ತಾರೆ, ನಾವೂ ಸಾರಿಗೇ ಹಾಕೋದು. ನಿಜವಾಗಿ ಅದು ಹಣ್ಣೋ ತರಕಾರಿಯೋ? ಅಡುಗೆ ಮಾಡೋರು ಬೇರೆ ಲೆಕ್ಕ ಯಾಕೆ ಹಾಕ್ತಾರೆ?

ಸಸ್ಯಶಾಸ್ತ್ರದ ಪ್ರಕಾರ ಟೊಮೇಟೊ ಹಣ್ಣೇ, ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಆದರೆ ತರಕಾರಿ ಎಂಬ ವರ್ಗ ಸಸ್ಯಶಾಸ್ತ್ರದಲ್ಲಿ ಇಲ್ಲವೇ ಇಲ್ಲ. ಅದು ಅಡುಗೆಮನೆಯ ವರ್ಗ. ಹಾಗಾಗಿ ಅಡುಗೆಯವರು ಅದನ್ನು ತರಕಾರಿ ಎಂದರೆ ಪಠ್ಯಪುಸ್ತಕ ತಪ್ಪಾಗುವುದಿಲ್ಲ, ಪುಸ್ತಕ ಹಣ್ಣು ಎಂದರೆ ಅಡುಗೆಯವರೂ ತಪ್ಪಾಗುವುದಿಲ್ಲ. ನಾನು ಪದವಿಪೂರ್ವ ತರಗತಿಗಳಿಗೆ ಸಸ್ಯಶಾಸ್ತ್ರ ಪಾಠ ಮಾಡುವವನು, ಮನೆಯ ಅಡುಗೆಯೂ ಬಹುಪಾಲು ನನ್ನದೇ. ಆದ್ದರಿಂದ ಎರಡೂ ಕಡೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಟೊಮೇಟೊವನ್ನು ಕೈಯಲ್ಲಿ ಹಿಡಿದು ನೋಡಿ. ತೊಟ್ಟಿನ ಬುಡದಲ್ಲಿ ನಕ್ಷತ್ರದಂತೆ ಹರಡಿಕೊಂಡಿರುವ ಹಸಿರು ಭಾಗ ಎಲೆಯಲ್ಲ. ಹೂವಿನ ಮೊಗ್ಗನ್ನು ಹೊರಗಿನಿಂದ ಮುಚ್ಚಿಕೊಂಡಿದ್ದ ಹಸಿರು ಎಸಳುಗಳೇ ಉದುರದೆ ಹಾಗೆ ಉಳಿದಿರುವುದು. ತೊಟ್ಟಿಗೆ ಸರಿಯಾಗಿ ಎದುರು ತುದಿಯಲ್ಲಿ ಒಂದು ಸಣ್ಣ ಕಂದು ಚುಕ್ಕೆ ಕಾಣುತ್ತದೆ. ಪರಾಗವನ್ನು ಹಿಡಿದುಕೊಳ್ಳುವ ಶಲಾಕೆ ಹಿಂದೆ ಅಲ್ಲಿ ನಿಂತಿತ್ತು; ಅದು ಒಣಗಿ ಬಿದ್ದ ಗುರುತೇ ಆ ಚುಕ್ಕೆ. ಈ ಎರಡು ಗುರುತುಗಳ ನಡುವೆ ಇರುವುದೆಲ್ಲ ಹೂವಿನ ಅಂಡಾಶಯ. ಹಳದಿ ಹೂವಿನೊಳಗೆ ಗುಂಡುಸೂಜಿಯ ತಲೆಯಷ್ಟಿದ್ದ ಆ ಭಾಗವು ಪರಾಗಸ್ಪರ್ಶವಾಗಿ, ಒಳಗಿನ ಅಂಡಕಗಳು ನಿಷೇಚನಗೊಂಡ ಮೇಲೆ ಉಬ್ಬುತ್ತಾ ಹೋಗಿ, ನಾವು ತಕ್ಕಡಿಗೆ ಹಾಕಿಸುವ ಗಾತ್ರಕ್ಕೆ ಬರುತ್ತದೆ, ಅಂಡಕಗಳು ಬೀಜಗಳಾಗುತ್ತವೆ. ಹೂವಿನ ಅಂಡಾಶಯ ಬೆಳೆದು ಬೀಜಗಳನ್ನು ಹೊತ್ತು ನಿಂತರೆ ಸಸ್ಯಶಾಸ್ತ್ರಜ್ಞರು ಅದನ್ನು ಹಣ್ಣು ಎನ್ನುತ್ತಾರೆ. ಸಿಹಿಯಾಗಿದೆಯೇ, ಹಸಿಯಾಗಿ ತಿನ್ನಬಹುದೇ, ಮರದಲ್ಲಿ ಬಿಡುತ್ತದೆಯೇ ಎಂಬ ಪ್ರಶ್ನೆಗಳನ್ನು ಅವರು ಕೇಳುವುದೇ ಇಲ್ಲ.

ಈಗ ಅದನ್ನು ಅಡ್ಡಕ್ಕೆ ಕತ್ತರಿಸಿ. ಹೊರಗೆ ತೆಳುವಾದ ಸಿಪ್ಪೆ, ಅದರ ಒಳಗೆ ದಪ್ಪ ತಿರುಳಿನ ಗೋಡೆ, ಗೋಡೆಗಳ ನಡುವೆ ಕೋಣೆಗಳು, ಆ ಕೋಣೆಗಳಲ್ಲಿ ಲೋಳೆಯೊಳಗೆ ಹೂತ ಬೀಜಗಳು ಕಾಣುತ್ತವೆ. ಕಾಡು ಜಾತಿಯ ಸಣ್ಣ ಟೊಮೇಟೊಗಳಲ್ಲಿ ಸಾಮಾನ್ಯವಾಗಿ ಎರಡೇ ಕೋಣೆಗಳಿರುತ್ತವೆ. ದೊಡ್ಡ ಕಾಯಿಗಳನ್ನೇ ಆರಿಸಿ ಆರಿಸಿ ಬಿತ್ತುತ್ತಾ ಬಂದ ಕೃಷಿಯಿಂದಾಗಿ ದಪ್ಪ ತಳಿಗಳಲ್ಲಿ ಕೋಣೆಗಳ ಸಂಖ್ಯೆ ಹೆಚ್ಚಿದೆ. ಒಳಗೆ ಗಟ್ಟಿ ಓಟೆಯಿಲ್ಲದೆ, ಅಂಡಾಶಯದ ಗೋಡೆಯೆಲ್ಲ ಮೆತ್ತಗಿನ ತಿರುಳಾಗುವ ಇಂಥ ಹಣ್ಣನ್ನು ಸಸ್ಯಶಾಸ್ತ್ರದಲ್ಲಿ ಬೆರಿ ಎನ್ನುತ್ತಾರೆ. ದ್ರಾಕ್ಷಿ ಅದೇ ಗುಂಪಿಗೆ ಸೇರುತ್ತದೆ, ಟೊಮೇಟೊದ ಹತ್ತಿರದ ನೆಂಟನಾದ ಬದನೆಯೂ ಸೇರುತ್ತದೆ. ಸ್ಟ್ರಾಬೆರಿ ಮಾತ್ರ ಸೇರುವುದಿಲ್ಲ, ಏಕೆಂದರೆ ಅದರಲ್ಲಿ ನಾವು ತಿನ್ನುವ ಕೆಂಪು ಭಾಗ ಅಂಡಾಶಯವಲ್ಲ, ಹೂವಿನ ಪೀಠ. ಇದನ್ನು ಹೇಳಿದಾಗಲೆಲ್ಲ ತರಗತಿಯಲ್ಲಿ ಮೋಸ ಹೋದ ಮುಖಗಳೇ ಕಾಣುತ್ತವೆ.

ಈ ಅಳತೆಗೋಲನ್ನು ಹಿಡಿದುಕೊಂಡು ತರಕಾರಿ ಅಂಗಡಿಯೊಳಗೆ ಹೋದರೆ ಟೊಮೇಟೊ ಒಂದೇ ಸಿಕ್ಕಿಬೀಳುವುದಿಲ್ಲ. ಬೆಂಡೆ, ಹೀರೆ, ಸೌತೆ, ಕುಂಬಳ, ಹುರುಳಿಕಾಯಿ, ಮೆಣಸಿನಕಾಯಿ ಎಲ್ಲವೂ ಹಣ್ಣುಗಳೇ. ಅವುಗಳಲ್ಲಿ ಹೆಚ್ಚಿನವನ್ನು ನಾವು ಬಲಿಯುವ ಮೊದಲೇ ಕಿತ್ತು ತಿನ್ನುತ್ತೇವೆ, ಅಷ್ಟೆ. ಮಿಕ್ಕವುಗಳಲ್ಲಿ ಕ್ಯಾರೆಟ್ ಬೇರು, ಆಲೂಗಡ್ಡೆ ನೆಲದೊಳಗಿನ ಕಾಂಡ, ಈರುಳ್ಳಿ ದಪ್ಪಗಾದ ಎಲೆಯ ಬುಡಗಳ ಸುರುಳಿ, ಹೂಕೋಸು ಅರಳದ ಹೂಗೊಂಚಲು. ಗಿಡದ ಯಾವ ಅಂಗವೆಂದು ನೋಡಿದರೆ ಇವುಗಳ ನಡುವೆ ಹೋಲಿಕೆಯೇ ಇಲ್ಲ. ಇವೆಲ್ಲವನ್ನೂ ಒಂದೇ ಬುಟ್ಟಿಗೆ ತಂದಿರುವುದು ಗಿಡವಲ್ಲ, ಒಲೆ. ಟೊಮೇಟೊ ಮಾತ್ರ ಪೂರ್ತಿ ಹಣ್ಣಾದ ಮೇಲೂ ಆ ಬುಟ್ಟಿಯಲ್ಲೇ ಉಳಿಯುವುದರಿಂದ ಎಲ್ಲರ ಪ್ರಶ್ನೆಯೂ ಅದರ ಮೇಲೆಯೇ ಬಂದು ನಿಲ್ಲುತ್ತದೆ.

ಅಡುಗೆಯವರು ಕೇಳುವ ಪ್ರಶ್ನೆ ಬೇರೆ: ಇದು ಪಾತ್ರೆಗೆ ಬಿದ್ದರೆ ಏನು ಮಾಡುತ್ತದೆ? ನೂರು ಗ್ರಾಂ ಮಾಗಿದ ಟೊಮೇಟೊದಲ್ಲಿ ಸುಮಾರು 94 ಗ್ರಾಂ ನೀರೇ ಇರುತ್ತದೆ, ಸಕ್ಕರೆಯ ಅಂಶ ಎರಡೂವರೆ ಗ್ರಾಮಿನ ಆಸುಪಾಸು. ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ ಸುಮಾರು 12 ಗ್ರಾಂ, ಮಾವಿನಹಣ್ಣಿನಲ್ಲಿ ಸುಮಾರು 14 ಗ್ರಾಂ ಸಕ್ಕರೆ ಇರುತ್ತದೆ. ಟೊಮೇಟೊದ ಸಕ್ಕರೆ ಇಷ್ಟು ಕಡಿಮೆಯಿದ್ದು, ಜೊತೆಗೆ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವೂ ಸ್ವಲ್ಪ ಮ್ಯಾಲಿಕ್ ಆಮ್ಲವೂ ಸೇರಿಕೊಂಡಿರುವುದರಿಂದ ನಾಲಗೆಗೆ ಸಿಹಿಗಿಂತ ಹುಳಿ ಮುಂದಾಗಿ ತಟ್ಟುತ್ತದೆ. ಇದರ ಮೇಲೆ ಇನ್ನೊಂದು ವಿಷಯವಿದೆ: ಟೊಮೇಟೊ ಮಾಗಿದಂತೆ ಅದರಲ್ಲಿ ಗ್ಲುಟಮೇಟ್ ಹೆಚ್ಚುತ್ತದೆ. ಮಾಂಸದ ರಸಕ್ಕೂ ಅಣಬೆಗೂ ಆ ನಾಲಗೆ ತುಂಬುವ ರುಚಿ ಬರುವುದರಲ್ಲಿ ಈ ಗ್ಲುಟಮೇಟಿನ ಪಾಲು ದೊಡ್ಡದು. ಅದು ಗೋಡೆಯ ತಿರುಳಿಗಿಂತ ಬೀಜದ ಸುತ್ತಲಿನ ಲೋಳೆಯಲ್ಲಿ ಹೆಚ್ಚಾಗಿರುವುದರಿಂದ, ನೋಟ ಚೆನ್ನಾಗಿರಲೆಂದು ಬೀಜದ ಭಾಗವನ್ನು ತೆಗೆದೆಸೆದು ಸಾರು ಮಾಡುವವರು ಸಾರಿನ ರುಚಿಯನ್ನೇ ಎಸೆಯುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹುಳಿ ಮತ್ತು ಈ ರುಚಿ ಎರಡೂ ಉಪ್ಪು, ಖಾರ, ಒಗ್ಗರಣೆಯ ಜೊತೆಗೆ ಹೊಂದುತ್ತವೆ. ಹಾಲು ಸಕ್ಕರೆಯ ಜೊತೆಗೆ ಅಷ್ಟಾಗಿ ಹೊಂದುವುದಿಲ್ಲ. ಆದ್ದರಿಂದಲೇ ಅದು ರಸಾಯನದ ಬಟ್ಟಲಿಗೆ ಹೋಗದೆ ಸಾರಿನ ಪಾತ್ರೆಗೆ ಹೋಯಿತು.

ನಮ್ಮ ಅಡುಗೆಯಲ್ಲಿ ಅದಕ್ಕೆ ಇನ್ನೂ ನಿರ್ದಿಷ್ಟವಾದ ಕೆಲಸವಿದೆ. ಸಾರಿನಲ್ಲಿ ಟೊಮೇಟೊ ಕೂತಿರುವ ಜಾಗ ಬದನೆ, ನುಗ್ಗೆಗಳಂಥ ಹೋಳಿನ ಜಾಗವಲ್ಲ. ಅದು ಹುಣಸೆಯ ಜಾಗ. ಟೊಮೇಟೊ ಹೆಚ್ಚಿದ ದಿನ ಹುಣಸೆ ಕಡಿಮೆ ಮಾಡುತ್ತೇವೆ, ಟೊಮೇಟೊ ದುಬಾರಿಯಾದಾಗ ಹುಣಸೆಗೆ ಮರಳುತ್ತೇವೆ. ಹುಳಿಯ ಗುಂಪಿನದು ಎನ್ನುವುದಕ್ಕೆ ಒಲೆಯ ಮೇಲೆಯೇ ಪುರಾವೆ ಸಿಗುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆಯ ಜೊತೆಗೆ ಮೊದಲೇ ನಾಲ್ಕೈದು ಹುಳಿ ಟೊಮೇಟೊ ಹಾಕಿ ಬೇಯಿಸಿದರೆ ಬೇಳೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ. ಸೌಟು ಆಡಿಸಿದರೆ ನೀರು ಬೇರೆ, ಬೇಳೆ ಬೇರೆಯಾಗಿ ನಿಲ್ಲುತ್ತದೆ, ಒಂದು ಕಾಳನ್ನು ಬೆರಳಿನಲ್ಲಿ ಹಿಸುಕಿದರೆ ನಡುವೆ ಗಟ್ಟಿ ಉಳಿದಿರುತ್ತದೆ. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಹುಳಿಯಲ್ಲಿ ನಿಧಾನವಾಗಿ ಕರಗುವುದೇ ಇದಕ್ಕೆ ಕಾರಣ. ಕುಕ್ಕರಿನಲ್ಲಿ ಒಂದೆರಡು ಟೊಮೇಟೊ ಹಾಕಿದರೆ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ, ಒಳಗಿನ ಶಾಖ ಅದನ್ನು ಸರಿದೂಗಿಸುತ್ತದೆ. ತೆರೆದ ಪಾತ್ರೆಯಲ್ಲಾದರೆ ಬೇಳೆ ಬೆಂದು ನುಣ್ಣಗಾದ ಮೇಲೆಯೇ ಹುಳಿ ಹಾಕುವುದು ಸರಿಯಾದ ಕ್ರಮ. ಸಂತೆಯಲ್ಲಿ ಪಕ್ಕೆಗಳು ಎದ್ದಿರುವ ನಾಟಿ ಟೊಮೇಟೊವನ್ನು ಸಾರಿಗೆಂದೂ, ಮೊಟ್ಟೆಯಾಕಾರದ ಗಟ್ಟಿ ಟೊಮೇಟೊವನ್ನು ಪಲ್ಯ, ಕೋಸಂಬರಿಗೆಂದೂ ಆರಿಸುವವರು ಇದೇ ಲೆಕ್ಕವನ್ನು ಕೈಯಿಂದಲೇ ಮಾಡುತ್ತಿರುತ್ತಾರೆ: ಮೊದಲನೆಯದರಲ್ಲಿ ಕೋಣೆಗಳೂ ಲೋಳೆಯೂ ಹೆಚ್ಚು, ಎರಡನೆಯದರಲ್ಲಿ ಗೋಡೆ ದಪ್ಪ.

ಈ ಎರಡು ಲೆಕ್ಕಗಳು ಎದುರುಬದುರಾಗಿ ನಿಂತು ನ್ಯಾಯಾಲಯದಲ್ಲಿ ತೀರ್ಮಾನವಾದದ್ದೂ ಉಂಟು. ಅಮೆರಿಕದ 1883ರ ಸುಂಕ ಕಾಯ್ದೆಯ ಪ್ರಕಾರ ಹೊರದೇಶದಿಂದ ಬರುವ ತರಕಾರಿಗೆ ಬೆಲೆಯ ಮೇಲೆ ಶೇಕಡಾ 10 ಸುಂಕ ಇತ್ತು, ಹಣ್ಣಿಗೆ ಇರಲಿಲ್ಲ. 1886ರ ವಸಂತದಲ್ಲಿ ವೆಸ್ಟ್ ಇಂಡೀಸಿನಿಂದ ನ್ಯೂಯಾರ್ಕಿಗೆ ಟೊಮೇಟೊ ತರಿಸಿದ ನಿಕ್ಸ್ ಎಂಬ ವರ್ತಕ ಮನೆತನದವರು ಸುಂಕವನ್ನು ಆಕ್ಷೇಪಣೆಯೊಂದಿಗೆ ಕಟ್ಟಿ, ಟೊಮೇಟೊ ಹಣ್ಣಾದ್ದರಿಂದ ಹಣ ಹಿಂದಿರುಗಿಸಬೇಕೆಂದು ಬಂದರಿನ ಸುಂಕಾಧಿಕಾರಿ ಹೆಡನ್ ಮೇಲೆ ದಾವೆ ಹೂಡಿದರು. ವಿಚಾರಣೆ ನಡೆದ ರೀತಿಯೇ ಸ್ವಾರಸ್ಯಕರ. ವರ್ತಕರ ವಕೀಲರು ನಿಘಂಟುಗಳಿಂದ ಹಣ್ಣು, ತರಕಾರಿ, ಟೊಮೇಟೊಗಳ ಅರ್ಥ ಓದಿದರು. ಅಧಿಕಾರಿಯ ವಕೀಲರು ಬಟಾಣಿ, ಬದನೆ, ಸೌತೆ, ಕುಂಬಳ, ಮೆಣಸಿನಕಾಯಿಗಳ ಅರ್ಥ ಓದಿದರು. ಅದಕ್ಕೆ ಉತ್ತರವಾಗಿ ವರ್ತಕರ ಕಡೆಯಿಂದ ಆಲೂಗಡ್ಡೆ, ಕೋಸು, ಕ್ಯಾರೆಟ್ಟುಗಳ ಅರ್ಥ ಬಂತು. ಹಣ್ಣು ತರಕಾರಿ ವ್ಯಾಪಾರದಲ್ಲಿ 30 ವರ್ಷ ಕಳೆದಿದ್ದ ಇಬ್ಬರು ಸಾಕ್ಷಿಗಳು, ಈ ಪದಗಳಿಗೆ ವ್ಯಾಪಾರದಲ್ಲಿ ನಿಘಂಟಿನಲ್ಲಿರುವುದಕ್ಕಿಂತ ವಿಶೇಷವಾದ ಅರ್ಥವೇನೂ ಇಲ್ಲ ಎಂದರು.

ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1893ರ ಮೇ 10ರಂದು ತೀರ್ಪು ಬಂತು. ಸಸ್ಯಶಾಸ್ತ್ರದ ದೃಷ್ಟಿಯಿಂದ ಟೊಮೇಟೊ ಬಳ್ಳಿಯ ಹಣ್ಣೇ, ಸೌತೆ, ಕುಂಬಳ, ಹುರುಳಿಕಾಯಿ, ಬಟಾಣಿಗಳೂ ಹಾಗೆಯೇ ಎಂದು ನ್ಯಾಯಮೂರ್ತಿ ಹೊರೇಸ್ ಗ್ರೇ ತೀರ್ಪಿನಲ್ಲಿ ಒಪ್ಪಿಕೊಂಡರು. ಆದರೆ ಮಾರುವವರ ಮತ್ತು ತಿನ್ನುವವರ ಸಾಮಾನ್ಯ ಮಾತಿನಲ್ಲಿ ಅವು ತರಕಾರಿ. ಊಟದಲ್ಲಿ ಸೂಪು, ಮೀನು, ಮಾಂಸಗಳ ಜೊತೆಗೋ ಅವುಗಳ ನಂತರವೋ ಬರುತ್ತವೆಯೇ ಹೊರತು ಹಣ್ಣುಗಳಂತೆ ಕೊನೆಯ ಸಿಹಿಯಾಗಿ ಬರುವುದಿಲ್ಲ. ಸುಂಕದ ಕಾಯ್ದೆಯಲ್ಲಿನ ಪದಕ್ಕೆ ಈ ಬಳಕೆಯ ಅರ್ಥವೇ ಸಲ್ಲುತ್ತದೆ ಎಂದು ಅವರು ಬರೆದರು. ನಿಕ್ಸ್ ಸೋತರು. ನ್ಯಾಯಾಲಯ ಟೊಮೇಟೊವನ್ನು ತರಕಾರಿ ಮಾಡಿಬಿಟ್ಟಿತೆಂದು ಈ ತೀರ್ಪನ್ನು ಹಾಸ್ಯ ಮಾಡುವವರಿದ್ದಾರೆ. ಪೂರ್ತಿ ಓದಿದರೆ ಅದು ಸಸ್ಯಶಾಸ್ತ್ರದ ಮಾತನ್ನು ಎಲ್ಲಿಯೂ ಅಲ್ಲಗಳೆದಿಲ್ಲ. ತೆರಿಗೆಗೆ ಯಾವ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನಷ್ಟೇ ಹೇಳಿದೆ.

ಉದ್ದೇಶ ಬದಲಾದರೆ ಕಾನೂನು ಮತ್ತೊಂದು ಕಡೆಗೂ ವಾಲುತ್ತದೆ. ಜಾಮ್‌ಗಳ ಬಗ್ಗೆ ಐರೋಪ್ಯ ಒಕ್ಕೂಟ 2001ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಜಾಮ್ ಮಾಡುವ ಮಟ್ಟಿಗೆ ಟೊಮೇಟೊವನ್ನು ಹಣ್ಣೆಂದೇ ಎಣಿಸಲಾಗಿದೆ; ಸಕ್ಕರೆ ಹಾಕಿ ಕುದಿಸಿ ಬ್ರೆಡ್ಡಿಗೆ ಹಚ್ಚುವಾಗ ಅದು ಮಾಡುವುದು ಹಣ್ಣಿನ ಕೆಲಸವನ್ನೇ. ಆದರೆ ಅದೇ ಪಟ್ಟಿಯಲ್ಲಿ ಕ್ಯಾರೆಟ್ಟೂ ಸಿಹಿಗೆಣಸೂ ಇವೆ, ಆದ್ದರಿಂದ ಇದನ್ನು ಮಗಳ ಪಾಠಕ್ಕೆ ಆಧಾರವಾಗಿ ಕೊಡಬೇಡಿ. ವಿಜ್ಞಾನದ ಪರೀಕ್ಷೆಯಲ್ಲಿ ಅವಳು ಹಣ್ಣು ಎಂದು ಬರೆದು, ಕಾರಣ ಕೇಳಿದ್ದರೆ ಹೂವಿನ ಅಂಡಾಶಯದಿಂದ ಬೆಳೆದು ಬೀಜಗಳನ್ನು ಹೊಂದಿದೆ ಎಂದು ಒಂದು ವಾಕ್ಯ ಸೇರಿಸಿದರೆ ಸಾಕು.